ಅಜ್ಜನ ಮನೆ ಯಾವ ಜಿಲ್ಲೆಯಲ್ಲಿತ್ತು?

ನವೆಂಬರ್ ಒಂದು ಹತ್ತಿರ ಬಂದರೆ ನಮ್ಮ ಶಾಲೆಗಳಲ್ಲಿ ಕ್ವಿಜ್ ತಯಾರಿ ಶುರುವಾಗುತ್ತದೆ. ಒಂದು ಪ್ರಶ್ನೆಯ ಬಗ್ಗೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ನನಗೆ ಕಳುಹಿಸಿದ ಸಂದೇಶ ಹೀಗಿತ್ತು:

"ಸರ್, 1956ರಲ್ಲಿ ಕೇರಳ ಉದಯವಾದಾಗ ಕಾಸರಗೋಡು ಯಾವ ಜಿಲ್ಲೆಯಲ್ಲಿತ್ತು ಅಂತ ಪ್ರಶ್ನೆ. ನಾನು ಮಲಬಾರ್ ಅಂತ ಬರೆದೆ. ನಮ್ಮ ಕಡೆಯನ್ನೆಲ್ಲ ಬ್ರಿಟಿಷರ ಕಾಲದಿಂದಲೂ ಮಲಬಾರ್ ಅಂತಲೇ ಹೇಳುವುದಲ್ಲವಾ? ಅವಳು ಕಣ್ಣೂರು ಅಂತ ಬರೆದಿದ್ದಾಳೆ. 1984ರಲ್ಲಿ ಕಣ್ಣೂರು ಜಿಲ್ಲೆಯನ್ನು ಒಡೆದೇ ಕಾಸರಗೋಡು ಜಿಲ್ಲೆ ಮಾಡಿದ್ದಂತೆ. ಅವಳ ಅಜ್ಜನ ಜಾಗದ ಆಧಾರದಲ್ಲೂ ಕಣ್ಣೂರು ಜಿಲ್ಲೆ ಅಂತ ಇದೆಯಂತೆ. ಯಾವುದು ಸರಿ ಸರ್?"

ಓದಿ ಖುಷಿಯಾಯಿತು. ಉತ್ತರ ಯಾವುದು ಅಂತ ಮಾತ್ರ ಕೇಳದೆ, ಇಬ್ಬರ ಕಾರಣಗಳನ್ನೂ ಬರೆದಿದ್ದಾಳೆ ನೋಡಿ. ಆ ಕಾರಣಗಳಲ್ಲೇ ಸ್ವಾರಸ್ಯ ಇರುವುದು.

ಮೊದಲು ದಿನಾಂಕಗಳನ್ನು ಸಾಲಾಗಿ ಇಡೋಣ. 1956ರ ಅಕ್ಟೋಬರ್ 31ರ ತನಕ ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಕಲೆಕ್ಟರ ಕಚೇರಿ ಮಂಗಳೂರಿನಲ್ಲಿ. ಮರುದಿನ, ಅಂದರೆ ನವೆಂಬರ್ 1ರಂದು, ರಾಜ್ಯ ಪುನರ್ವಿಂಗಡಣಾ ಕಾಯ್ದೆ ಜಾರಿಗೆ ಬಂತು. ಈ ಕಾಯ್ದೆಯ ಐದನೇ ಸೆಕ್ಷನ್ನಿನಲ್ಲಿ ಕೇರಳ ರಾಜ್ಯಕ್ಕೆ ಯಾವ ಯಾವ ಪ್ರದೇಶ ಸೇರುತ್ತದೆ ಎಂದು ಹೇಳಿದೆ. ಅದರಲ್ಲೇ, ಹಳೆಯ ಮಲಬಾರ್ ಜಿಲ್ಲೆ ಮತ್ತು ಕಾಸರಗೋಡು ತಾಲೂಕು ಸೇರಿ ಕೇರಳದಲ್ಲಿ 'ಮಲಬಾರ್' ಎಂಬ ಒಂದು ಜಿಲ್ಲೆ ಆಗತಕ್ಕದ್ದು ಎಂದೂ ಇದೆ. ಆಗ ಕೇರಳಕ್ಕೆ ಒಟ್ಟು ಐದೇ ಜಿಲ್ಲೆ. ನಮ್ಮವರಿಗೆ ಜಿಲ್ಲಾ ಕೇಂದ್ರ ಕೋಯಿಕ್ಕೋಡ್ ಆಯಿತು.

ಆದರೆ ಇದು ಹೆಚ್ಚು ದಿನ ನಡೆಯಲಿಲ್ಲ. 1957ರ ಜನವರಿ 1ರಂದು ಮಲಬಾರನ್ನು ಕಣ್ಣೂರು, ಕೋಯಿಕ್ಕೋಡ್, ಪಾಲಕ್ಕಾಡ್ ಎಂದು ಮೂರು ಜಿಲ್ಲೆ ಮಾಡಿದರು. ಕಾಸರಗೋಡು ಕಣ್ಣೂರಿಗೆ ಸೇರಿತು. 1984ರ ಮೇ 24ರಂದು ನಮ್ಮದೇ ಜಿಲ್ಲೆ ಹುಟ್ಟುವ ತನಕ, ಇಪ್ಪತ್ತೇಳು ವರ್ಷಕ್ಕೂ ಮಿಕ್ಕಿ, ಹಾಗೆಯೇ ಇತ್ತು. ಮಲಬಾರ್ ಜಿಲ್ಲೆಯಲ್ಲಿ ನಾವು ಇದ್ದದ್ದು ನವೆಂಬರಿನ ಮೂವತ್ತು, ಡಿಸೆಂಬರಿನ ಮೂವತ್ತೊಂದು, ಒಟ್ಟು 61 ದಿನ ಮಾತ್ರ!

ಹಾಗಾದರೆ "ಕೇರಳ ಉದಯವಾದಾಗ" ಎಂಬ ಪ್ರಶ್ನೆಗೆ ನಿಲ್ಲುವ ಉತ್ತರ ಮಲಬಾರ್. ಆ ದಿನ ಕಣ್ಣೂರು ಎಂಬ ಜಿಲ್ಲೆಯೇ ಇರಲಿಲ್ಲ. ಸಂದೇಶ ಕಳುಹಿಸಿದವಳಿಗೆ ಅಂಕ ಸಿಗಬೇಕು.

ಆದರೆ ಅವಳು ಕೊಟ್ಟ ಕಾರಣ ನಿಲ್ಲುವುದಿಲ್ಲ. ಬ್ರಿಟಿಷರ ಕಾಲದಲ್ಲಿ ಕಾಸರಗೋಡು ಮಲಬಾರ್ ಜಿಲ್ಲೆಯಲ್ಲಿ ಇರಲೇ ಇಲ್ಲ, ದಕ್ಷಿಣ ಕನ್ನಡದಲ್ಲಿತ್ತು. ಈಗ ಮಾತಿನಲ್ಲಿ ಉತ್ತರ ಕೇರಳವನ್ನೆಲ್ಲ ಮಲಬಾರ್ ಅನ್ನುತ್ತೇವೆ. ಅದು ಪ್ರದೇಶದ ಹೆಸರು, ಜಿಲ್ಲೆಯ ಹೆಸರಲ್ಲ. ಪ್ರಶ್ನೆ "1950ರಲ್ಲಿ ಯಾವ ಜಿಲ್ಲೆ" ಎಂದಿದ್ದರೆ ಅದೇ ಕಾರಣ ಅವಳನ್ನು ತಪ್ಪು ಉತ್ತರಕ್ಕೆ ಕೊಂಡೊಯ್ಯುತ್ತಿತ್ತು.

ಗೆಳತಿಯ ಕಥೆ ಇದಕ್ಕೆ ತಿರುಗುಮುರುಗು. ಅವಳು ಹೇಳಿದ ಎರಡೂ ಸಂಗತಿ ನಿಜ. ಕಣ್ಣೂರನ್ನು ಒಡೆದೇ ನಮ್ಮ ಜಿಲ್ಲೆ ಆದದ್ದು. ಆಧಾರದಲ್ಲೂ ಹಾಗೆ ಇರಬಹುದು. ಆದರೆ ಅವು "1984ಕ್ಕೆ ಸ್ವಲ್ಪ ಮೊದಲು ಯಾವ ಜಿಲ್ಲೆ" ಎಂಬ ಬೇರೆಯೇ ಪ್ರಶ್ನೆಗೆ ಸಾಕ್ಷಿ. 1984ರಿಂದ ಹಿಂದಕ್ಕೆ ನಡೆದವಳು 1957ರಲ್ಲಿ ನಿಲ್ಲಬೇಕಿತ್ತು, ಎರಡು ತಿಂಗಳು ಮುಂದೆ ಹೋಗಿಬಿಟ್ಟಳು.

ಅವಳಿಗೆ ಒಂದೇ ಕೆಲಸ ಹೇಳಿದೆ: "ಆಧಾರ ರಿಜಿಸ್ಟರ್ ಆದ ತಾರೀಕು ನೋಡಮ್ಮ." ನೋಡಿ ಬಂದಳು. 1962ರದ್ದು. ಕಣ್ಣೂರು ಅಂತ ಇರಲೇಬೇಕಲ್ಲ! ಅದೇ ಜಾಗಕ್ಕೆ 1955ರ ಆಧಾರ ಇದ್ದರೆ ದಕ್ಷಿಣ ಕನ್ನಡ ಎಂದಿರುತ್ತದೆ. 1956ರ ಡಿಸೆಂಬರಿನದ್ದು ಸಿಕ್ಕಿದರೆ ಮಲಬಾರ್ ಇರಬೇಕು. ಆದರೆ ಬದಲಾವಣೆಯ ಆಚೀಚಿನ ವಾರಗಳ ಕಾಗದದ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಬರೆಯುವವರ ಕೈ ಹಳೆಯ ಹೆಸರನ್ನೇ ಬರೆಯುವುದುಂಟು. ಅಂಥಲ್ಲಿ ಕಾಗದಕ್ಕಿಂತ ಕಾಯ್ದೆಯ ದಿನಾಂಕವೇ ಗಟ್ಟಿ.

ಅಜ್ಜನ ಮನೆ ಇದ್ದಲ್ಲೇ ಇತ್ತು. ಕಲೆಕ್ಟರ ಕಚೇರಿ ಮಾತ್ರ ಮಂಗಳೂರಿನಿಂದ ಕೋಯಿಕ್ಕೋಡಿಗೆ, ಅಲ್ಲಿಂದ ಕಣ್ಣೂರಿಗೆ, ಕೊನೆಗೆ ನಮ್ಮ ವಿದ್ಯಾನಗರಕ್ಕೆ ಬಂತು. ಮಕ್ಕಳಿಗೆ ಈ ನಾಲ್ಕು ಊರುಗಳನ್ನು ತಾರೀಕಿನೊಂದಿಗೆ ಒಂದು ಗೆರೆಯ ಮೇಲೆ ಬರೆಸಿದರೆ ಸಾಕು, ಇಂಥ ಯಾವ ಪ್ರಶ್ನೆ ಬಂದರೂ ಬೆರಳಿಟ್ಟು ತೋರಿಸುತ್ತಾರೆ.