ಕಡಲಲ್ಲಿ ಹೇಳಬಾರದ ಹೆಸರು

ರಾತ್ರಿ ಹೊತ್ತು ಹಾವಿಗೆ ನಾವು 'ಹುಳ' ಎನ್ನುತ್ತೇವೆ. ಹೆಸರೆತ್ತಿದರೆ ಅದು ಬಂದೇ ಬಿಡುತ್ತದೆಂಬ ಭಯ. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್‌ಲ್ಯಾಂಡ್ ದ್ವೀಪಗಳ ಮೀನುಗಾರರಿಗೂ ಇಂಥದೇ ಭಯವಿತ್ತು. 19ನೇ ಶತಮಾನದಲ್ಲಿ ಅವರು ಆರು ಹುಟ್ಟುಗಳ ತೆರೆದ ದೋಣಿಯಲ್ಲಿ ಬಹುದೂರ ಹೋಗುತ್ತಿದ್ದರು. 1881ರ ಜುಲೈ ತಿಂಗಳ ಒಂದೇ ಬಿರುಗಾಳಿಗೆ 10 ದೋಣಿಗಳು ಮುಳುಗಿ 58 ಮಂದಿ ಪ್ರಾಣ ಕಳೆದುಕೊಂಡರು.

ಅಂಥ ಕಡಲಲ್ಲಿ ಬೆಕ್ಕು, ಪಾದ್ರಿ, ಚರ್ಚ್ ಎಂಬ ಮಾತುಗಳನ್ನು ಆಡುವಂತಿರಲಿಲ್ಲ. ಬೆಕ್ಕನ್ನು 'ವೋಲರ್' ಎನ್ನುತ್ತಿದ್ದರು, ಅಂದರೆ ಗೋಳಿಡುವುದು. ಪಾದ್ರಿ 'ಅಪ್‌ಸ್ಟ್ಯಾಂಡರ್', ಎದ್ದು ನಿಲ್ಲುವವನು. ಚರ್ಚ್ 'ಬೆನಿಹೌಸ್', ಪ್ರಾರ್ಥನೆಯ ಮನೆ. ಕಡಲಿನ ಹಳೆಯ ಶಕ್ತಿಗಳಿಗೆ ಹೊಸ ಧರ್ಮದ ಹೆಸರು ಆಗದು ಎಂಬ ನಂಬಿಕೆ ಇದರ ಹಿಂದಿತ್ತೆಂದು ವಿದ್ವಾಂಸರು ಊಹಿಸುತ್ತಾರೆ.

ಈ ಪದಗಳಲ್ಲಿ ಹಲವು ನಾರ್ನ್ ಎಂಬ ಭಾಷೆಯವು. ನಾರ್ವೆಯಿಂದ ಬಂದು ನೆಲೆಸಿದವರ ಆ ಭಾಷೆಯನ್ನು ದಡದಲ್ಲಿ ಆಡುವವರೇ ಇಲ್ಲವಾಗಿದ್ದರು. 1893ರಲ್ಲಿ ಭಾಷಾ ವಿದ್ವಾಂಸ ಯಾಕೋಬ್ ಯಾಕೋಬ್ಸನ್ ಪದ ಸಂಗ್ರಹಿಸಲು ಬಂದಾಗ ಬೆಸ್ತರ ಬಾಯಲ್ಲಿ ಅದರ ಚೂರುಗಳು ಉಳಿದಿದ್ದವು. ಭಯವೇ ಅವನ್ನು ಕಾಪಾಡಿತ್ತು.

ಶಕುನ ನೋಡುವುದು ನಮ್ಮ ವಿಶ್ವಾಸಕ್ಕೆ ಒಗ್ಗದು. ಆದರೂ ಅವರನ್ನು ಕಂಡು ನಗಲು ಮನಸ್ಸಾಗುವುದಿಲ್ಲ. ಚರ್ಚ್ ಎನ್ನಲು ಹೆದರಿದವರು ಅದರ ಬದಲು ಆಡಿದ್ದು ಪ್ರಾರ್ಥನೆಯ ಮಾತನ್ನೇ ಅಲ್ಲವೇ?