ನೀರುಳ್ಳಿಯ ಕೊನೆಯ ಎರಡು ನಿಮಿಷ

ಬಿರಿಯಾನಿ ರುಚಿಯಾಗದಿದ್ದರೆ ನಾವು ಸಾಮಾನ್ಯವಾಗಿ ಅಕ್ಕಿಯನ್ನೋ ಮಾಂಸವನ್ನೋ ದೂರುತ್ತೇವೆ. ಆದರೆ ಉಂಡು ಕೈ ತೊಳೆದ ಮೇಲೂ ಗಂಟಲಿನ ಹತ್ತಿರ ಉಳಿಯುವ ಒಂದು ಸಣ್ಣ ಕಹಿ ಇದೆಯಲ್ಲ, ಅದು ಹೆಚ್ಚಿನ ಸಲ ಬರುವುದು ಕರಿದ ನೀರುಳ್ಳಿಯಿಂದ. ಉರ್ದು ಮಾತನಾಡುವ ಮನೆಗಳಲ್ಲಿ ಇದಕ್ಕೆ ಬಿರಿಸ್ತಾ ಎನ್ನುತ್ತಾರೆ. ಹುರಿಯುವುದು ಎಂಬ ಅರ್ಥದ ಪಾರ್ಸಿ ಕ್ರಿಯಾಪದದಿಂದಲೇ ಬಿರಿಯಾನಿ ಎಂಬ ಹೆಸರೂ ಬಂದಿದೆ, ಬಿರಿಸ್ತಾ ಎಂಬ ಹೆಸರೂ ಬಂದಿದೆ. ಹೆಸರಿನಲ್ಲಿ ಇವೆರಡೂ ಅಣ್ಣತಮ್ಮಂದಿರು. ಅಡುಗೆಯಲ್ಲೂ ಹಾಗೆಯೇ, ಒಂದು ಕೆಟ್ಟರೆ ಇನ್ನೊಂದು ಉಳಿಯುವುದಿಲ್ಲ.

ನಮ್ಮ ಕರಾವಳಿಯಲ್ಲಿ ಈರುಳ್ಳಿಯನ್ನು ನೀರುಳ್ಳಿ ಎಂದೇ ಕರೆಯುತ್ತೇವೆ. ಅದನ್ನು ಕರಿಯುವ ಕೆಲಸದ ಗುಟ್ಟೂ ಈ ಹೆಸರಿನಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ. ಏಕೆಂದರೆ ನೀರುಳ್ಳಿಯ ತೂಕದಲ್ಲಿ ನೂರಕ್ಕೆ ಸುಮಾರು 88 ಪಾಲು ನೀರೇ. ಆ ನೀರು ಹೋಗುವವರೆಗೆ ಅದು ಕೆಂಪಾಗುವುದಿಲ್ಲ. ನೀರು ಹೋದ ಮೇಲೆ ಅದು ನಮಗಾಗಿ ಕಾಯುವುದೂ ಇಲ್ಲ.

ಇದನ್ನು ನಮ್ಮ ಭೌತಶಾಸ್ತ್ರದ ಪಾಠದಿಂದಲೇ ಅರ್ಥ ಮಾಡಿಕೊಳ್ಳಬಹುದು. ಎಣ್ಣೆ 170 ಡಿಗ್ರಿಯಷ್ಟು ಬಿಸಿಯಾಗಿದ್ದರೂ ಒಳಗೆ ನೀರು ಕುದಿಯುತ್ತಿರುವ ನೀರುಳ್ಳಿಯ ಎಸಳು 100 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಬಂದ ಶಾಖವೆಲ್ಲ ನೀರನ್ನು ಹಬೆ ಮಾಡುವುದಕ್ಕೇ ಖರ್ಚಾಗುತ್ತದೆ. ಚಿನ್ನದ ಬಣ್ಣ ಮತ್ತು ಆ ಪರಿಮಳ ಚುರುಕಾಗಿ ಹುಟ್ಟುವುದು ಸುಮಾರು 140 ಡಿಗ್ರಿ ದಾಟಿದ ಮೇಲೆ, ನೀರುಳ್ಳಿಯೊಳಗಿನ ಸಕ್ಕರೆ ಮತ್ತು ಅಮೈನೋ ಆಮ್ಲಗಳು ಒಂದರೊಡನೊಂದು ವರ್ತಿಸಿದಾಗ.

ಒಂದು ಲೆಕ್ಕ ಮಾಡಿ ನೋಡೋಣ. ಅರ್ಧ ಕೆ.ಜಿ. ಹೆಚ್ಚಿದ ನೀರುಳ್ಳಿಯಿಂದ 400 ಗ್ರಾಂ ನೀರು ಹೋಗಬೇಕು ಎಂದುಕೊಳ್ಳಿ. ಒಂದು ಕೆ.ಜಿ. ನೀರು ಹಬೆಯಾಗಲು ಬೇಕಾದ ಗುಪ್ತೋಷ್ಣ 2260 ಕಿಲೋಜೂಲ್. ಹಾಗಾದರೆ ಇಲ್ಲಿ ಬೇಕಾದದ್ದು ಸುಮಾರು 900 ಕಿಲೋಜೂಲ್. ಮನೆಯ ಗ್ಯಾಸ್ ಒಲೆಯಿಂದ ಬಾಣಲೆಗೆ ನಿಜವಾಗಿ ಸೇರುವ ಶಾಖವನ್ನು 1.2 ಕಿಲೋವ್ಯಾಟ್ ಎಂದು ಹಿಡಿದರೆ, ನೀರು ಹೋಗುವುದಕ್ಕೇ ಹನ್ನೆರಡೂವರೆ ನಿಮಿಷ ಬೇಕು. ನಮ್ಮ ಅಡುಗೆಮನೆಯಲ್ಲಿ ಗಡಿಯಾರ ಇಟ್ಟು ನೋಡಿದಾಗಲೂ ಹೆಚ್ಚುಕಡಿಮೆ ಅಷ್ಟೇ ಹಿಡಿಯಿತು. ಅಂದರೆ ಹತ್ತು ಹನ್ನೊಂದು ನಿಮಿಷ ಏನೂ ಆಗದಂತೆ ಕಾಣುತ್ತದೆ. ಬಳಿಕ ಎರಡೇ ನಿಮಿಷದಲ್ಲಿ ಬಿಳಿ ಹಳದಿಯಾಗಿ, ಹಳದಿ ಕೆಂಪಾಗಿ, ಕೆಂಪು ಕಪ್ಪಾಗುತ್ತದೆ. ಮೊದಲ ಹತ್ತು ನಿಮಿಷ ಬೇಸರದಿಂದ ನಿಂತು, ಕೊನೆಗೆ ಫೋನು ನೋಡಲು ಹೋಗುವವರಿಗೆ ಬಿರಿಸ್ತಾ ಒಲಿಯುವುದಿಲ್ಲ.

ನಾನು ಈ ಕೆಲಸವನ್ನು ಕಲಿತದ್ದು ಮಾಮನ ಬಳಿ. ಅವರು ನೆಂಟರಿಷ್ಟರ ಮನೆಯ ಸಣ್ಣ ಕಾರ್ಯಕ್ರಮಗಳಿಗೆ ಬಿರಿಯಾನಿ ಮಾಡುತ್ತಾರೆ. ಅವರ ಮೊದಲ ಪಾಠ ಒಲೆಯದ್ದಲ್ಲ, ಚೂರಿಯದ್ದು. ನೀರುಳ್ಳಿಯನ್ನು ಉದ್ದಕ್ಕೆ ಎರಡು ಹೋಳು ಮಾಡಿ, ಬೇರಿನ ಗಟ್ಟಿ ಭಾಗ ತೆಗೆದು, ಎರಡು ಮಿಲಿಮೀಟರಿನಷ್ಟು ದಪ್ಪಕ್ಕೆ ಹೆಚ್ಚಬೇಕು. ಎರಡೇ ಆಗಬೇಕೆಂದಿಲ್ಲ, ಎರಡೂವರೆ ಆದರೂ ಆದೀತು. ಆದರೆ ಎಲ್ಲವೂ ಒಂದೇ ದಪ್ಪ ಇರಬೇಕು. ತೆಳುವಾದದ್ದರ ನೀರು ಬೇಗ ಹೋಗುತ್ತದೆ, ದಪ್ಪನೆಯದರದ್ದು ನಿಧಾನ. ದಪ್ಪನೆಯದು ಚಿನ್ನದ ಬಣ್ಣಕ್ಕೆ ಬರುವಷ್ಟರಲ್ಲಿ ತೆಳುವಾದದ್ದು ಇದ್ದಿಲಾಗಿರುತ್ತದೆ. ಎಷ್ಟು ಚೆನ್ನಾಗಿ ಕೈಯಾಡಿಸಿದರೂ ಈ ವ್ಯತ್ಯಾಸ ಸರಿಹೋಗುವುದಿಲ್ಲ. ಹೆಚ್ಚಿದ ಮೇಲೆ ಎಸಳುಗಳನ್ನು ಕೈಯಿಂದ ಬಿಡಿಸಿ, ಬಟ್ಟೆಯ ಮೇಲೆ ಕಾಲು ಗಂಟೆ ಹರಡಿಡಬೇಕು. ಅಂಟಿಕೊಂಡಿರುವ ಎಸಳುಗಳ ನಡುವೆ ನೀರು ಉಳಿದು ಅಲ್ಲಿ ಮೆತ್ತಗೆಯೇ ಇರುತ್ತದೆ.

ಎಣ್ಣೆ ಕಾದಿದೆಯೇ ಎಂದು ತಿಳಿಯಲು ಮಾಮ ಒಂದು ಎಸಳನ್ನು ಹಾಕಿ ನೋಡುತ್ತಾರೆ. ಅದು ತಳದಲ್ಲೇ ಕುಳಿತರೆ ಎಣ್ಣೆ ಕಾದಿಲ್ಲ. ಆಗ ನೀರುಳ್ಳಿ ಹಾಕಿದರೆ ಕರಿಯುವ ಬದಲು ಬೇಯುತ್ತದೆ, ಮುದ್ದೆಯಾಗುತ್ತದೆ, ಎಣ್ಣೆ ಕುಡಿಯುತ್ತದೆ. ಹಾಕಿದ ಕೂಡಲೇ ಕಪ್ಪಾದರೆ ಕಾವು ಹೆಚ್ಚಾಗಿದೆ. ಸುತ್ತಲೂ ಗುಳ್ಳೆಗಳೊಡನೆ ತಕ್ಷಣ ಮೇಲೆ ಬಂದು, ಬಣ್ಣ ಮಾತ್ರ ಬದಲಾಗದೆ ಇದ್ದರೆ ಸರಿ. ಒಟ್ಟು ನೀರುಳ್ಳಿ ಬಿದ್ದಾಗ ಎಣ್ಣೆಯ ಕಾವು ಒಮ್ಮೆಲೇ ಇಳಿಯುತ್ತದೆ. ಆದ್ದರಿಂದ ಆರಂಭದಲ್ಲಿ ಬೆಂಕಿ ದೊಡ್ಡದಾಗಿಯೇ ಇರಬೇಕು. ಎಸಳುಗಳು ಮುಳುಗಿ ತೇಲಾಡುವಷ್ಟು ಎಣ್ಣೆಯೂ ಬೇಕು. ನೀರುಳ್ಳಿ ಬಿದ್ದಾಗ ನೊರೆ ಉಕ್ಕುತ್ತದೆ, ಹಾಗಾಗಿ ಬಾಣಲೆಯ ಅರ್ಧಕ್ಕಿಂತ ಹೆಚ್ಚು ಎಣ್ಣೆ ಹಾಕಬಾರದು.

ಆ ಮೇಲೆ ಕಿವಿಯ ಕೆಲಸ. ಮೊದಲು ಮಳೆ ಸುರಿದ ಹಾಗೆ ಜೋರಾದ ಸದ್ದು, ದೊಡ್ಡ ದೊಡ್ಡ ಗುಳ್ಳೆಗಳು. ಆಗ ನಿಮಿಷಕ್ಕೊಮ್ಮೆ ಮೆಲ್ಲಗೆ ಕೈಯಾಡಿಸಿದರೆ ಸಾಕು, ಹೆಚ್ಚು ಕಲಕಿದರೆ ಮೆತ್ತಗಾದ ಎಸಳುಗಳು ಮುರಿಯುತ್ತವೆ. ಸದ್ದು ಇಳಿದು, ಗುಳ್ಳೆಗಳು ಸಣ್ಣದಾಗಿ, ಅಂಚಿನ ಎಸಳುಗಳು ತಿಳಿಹಳದಿಯಾದಾಗ ನೀರು ಮುಗಿಯುತ್ತಾ ಬಂತು ಎಂದರ್ಥ. ಈ ಕ್ಷಣದಲ್ಲಿ ಬೆಂಕಿ ಸಣ್ಣದು ಮಾಡಬೇಕು. ಇಷ್ಟು ಹೊತ್ತು ಎಣ್ಣೆಯನ್ನು ತಣ್ಣಗಿಡುತ್ತಿದ್ದ ನೀರು ಈಗ ಇಲ್ಲ. ಅದೇ ಬೆಂಕಿಗೆ ಎಣ್ಣೆಯ ಕಾವು ಸರಸರನೆ ಏರುತ್ತದೆ. ಇಲ್ಲಿಂದ ಮುಂದೆ ಸೌಟು ನಿಲ್ಲಬಾರದು. ಅಂಚಿನವು ಮೊದಲು ಬಣ್ಣಕ್ಕೆ ಬರುತ್ತವೆ, ಅವನ್ನು ನಡುವಿಗೆ ತಂದು, ನಡುವಿನವನ್ನು ಅಂಚಿಗೆ ಕಳಿಸುತ್ತಾ ಇರಬೇಕು.

ತೆಗೆಯುವುದು ಯಾವಾಗ? ನಾವೆಲ್ಲ ತಿನ್ನುವ ಬಿರಿಸ್ತಾದ ಬಣ್ಣ ಬಂದಾಗ ಅಲ್ಲ, ಅದಕ್ಕಿಂತ ಒಂದು ಛಾಯೆ ಮೊದಲು. ಎಣ್ಣೆಯಿಂದ ಹೊರಬಂದ ಎಸಳಿನ ಮೈಗೆ ಅಂಟಿದ ಎಣ್ಣೆ ಇನ್ನೂ ಕುದಿಯುವ ನೀರಿಗಿಂತ ಬಿಸಿ. ತಟ್ಟೆಯಲ್ಲಿ ಬಿದ್ದ ಮೇಲೂ ಒಂದೆರಡು ನಿಮಿಷ ಅದು ಕೆಂಪಾಗುತ್ತಲೇ ಇರುತ್ತದೆ. ಬಾಣಲೆಯಲ್ಲಿ ತಿಳಿ ಜೇನಿನ ಬಣ್ಣ ಇದ್ದದ್ದು ತಟ್ಟೆಯಲ್ಲಿ ಹೊಳೆವ ಕಂದು ಆಗುತ್ತದೆ. ಗರಿಗರಿಯಾಗಿದೆಯೇ ಎಂದು ಎಣ್ಣೆಯಲ್ಲೇ ಪರೀಕ್ಷಿಸುವುದೂ ವ್ಯರ್ಥ. ಬಿಸಿಯಲ್ಲಿ ಅದು ಮೆತ್ತಗೆಯೇ ಇರುತ್ತದೆ, ತಣಿದಾಗ ಗರಿಯಾಗುತ್ತದೆ. ಜಾಲರಿ ಸೌಟಿನಲ್ಲಿ ಎತ್ತಿ, ಎಣ್ಣೆ ಸೋರಲು ಬಿಟ್ಟು, ಅಗಲ ತಟ್ಟೆಯಲ್ಲಿ ತೆಳುವಾಗಿ ಹರಡಬೇಕು. ರಾಶಿ ಹಾಕಿದರೆ ಒಳಗಿನ ಶಾಖ ಹೋಗಲು ದಾರಿ ಇಲ್ಲದೆ ನಡುವಿನದು ಕಪ್ಪಾಗುತ್ತದೆ, ಹಬೆಗೆ ಮೆತ್ತಗೂ ಆಗುತ್ತದೆ.

ಇದೆಲ್ಲ ಎಷ್ಟು ಸೂಕ್ಷ್ಮ ಎಂದು ನನಗೆ ಮನದಟ್ಟಾದದ್ದು ನಮ್ಮ ಕುಟುಂಬದ ಒಂದು ಅಖೀಕಾದ ದಿನ. ಐವತ್ತು ಜನರಿಗೆ ಊಟ. ಆರು ಕೆ.ಜಿ. ಅಕ್ಕಿ, ಆರು ಕೆ.ಜಿ. ಆಡಿನ ಮಾಂಸ, ಕರಿಯಲು ಮೂರೂವರೆ ಕೆ.ಜಿ. ನೀರುಳ್ಳಿ. ಅಂಗಳದಲ್ಲಿ ಮುರಕಲ್ಲಿನ ಒಲೆ, ಸೌದೆಯ ಬೆಂಕಿ. ಅಲ್ಲಿ ಗ್ಯಾಸಿನ ಗುಂಡಿ ಇಲ್ಲ. ಕಾವು ಹೆಚ್ಚಿಸಬೇಕಾದರೆ ಸೌದೆ ಒಳಗೆ ತಳ್ಳಬೇಕು, ಇಳಿಸಬೇಕಾದರೆ ಹೊರಗೆಳೆಯಬೇಕು. ಎಳೆದ ಮೇಲೂ ಕೆಂಡದ ಕಾವು ಇರುತ್ತದೆ, ಆದ್ದರಿಂದ ಮಾಮ ಬಣ್ಣ ಬರುವ ಮೊದಲೇ, ಸದ್ದು ಇಳಿಯುವಾಗಲೇ ಸೌದೆ ಎಳೆಸುತ್ತಿದ್ದರು. ಕೆ.ಜಿ.ಗೊಂದರಂತೆ ಮೂರು ಸರದಿ ಸೊಗಸಾಗಿ ಬಂತು. ಒಂದೊಂದಕ್ಕೂ ಕಾಲು ಗಂಟೆ. ಕೊನೆಯ ಸರದಿಗೆ ಉಳಿದದ್ದು ಅರ್ಧ ಕೆ.ಜಿ. ಬೆಂಕಿ ನೋಡುತ್ತಿದ್ದವರು ಹಿಂದಿನಂತೆಯೇ ಸೌದೆ ತಳ್ಳಿದರು. ಎಲ್ಲರ ಲೆಕ್ಕದಲ್ಲೂ ಕಾಲು ಗಂಟೆ ಇತ್ತು. ಆದರೆ ನೀರುಳ್ಳಿ ಅರ್ಧವಾದರೆ ನೀರೂ ಅರ್ಧ. ಎಂಟನೇ ನಿಮಿಷಕ್ಕೇ ಬಣ್ಣ ಬಂತು, ಕೆಂಡ ಮಾತ್ರ ಹಾಗೇ ಉರಿಯುತ್ತಿತ್ತು. ಜೊತೆಗೆ ಹಿಂದಿನ ಸರದಿಗಳ ಚೂರುಗಳು ಎಣ್ಣೆಯ ತಳದಲ್ಲಿ ಕರಟಿದ್ದವು. ಮಾಮ ಓಡಿ ಬಂದು ಎತ್ತುವಷ್ಟರಲ್ಲಿ ಅರ್ಧ ಎಸಳುಗಳು ಕಾಫಿಪುಡಿಯ ಬಣ್ಣಕ್ಕೆ ತಿರುಗಿದ್ದವು.

ಉಳಿದ ಬಿರಿಸ್ತಾದೊಡನೆ ಬೆರೆಸಿಬಿಡೋಣ, ಗೊತ್ತಾಗುವುದಿಲ್ಲ ಎಂದು ಯಾರೋ ಹೇಳಿದರು. ಮಾಮ ತಣಿದ ಒಂದು ಎಸಳನ್ನು ಬೆರಳಿನಲ್ಲಿ ಪುಡಿ ಮಾಡಿ ನನ್ನ ನಾಲಿಗೆಗೆ ಇಟ್ಟರು. ಮೊದಲು ಏನೂ ಇಲ್ಲ, ಆಮೇಲೆ ಬೂದಿಯಂಥ ಕಹಿ. ಮೂರನೇ ಸರದಿಯ ಎಸಳನ್ನೂ ತಿನ್ನಿಸಿದರು, ಅದು ಸಿಹಿ. "ಮೋನೇ, ಒಣಗಿದ್ದಾಗ ಇಷ್ಟೇ ಕಹಿ. ಮಸಾಲೆಯಲ್ಲಿ ನೆನೆದು, ದಮ್‌ನಲ್ಲಿ ಅರ್ಧ ಗಂಟೆ ಕುಳಿತರೆ ಇಡೀ ಚೆಂಬಿಗೆ ಇಳಿಯುತ್ತದೆ. ಸಕ್ಕರೆ ಹಾಕಿದರೂ, ಮೊಸರು ಹಾಕಿದರೂ ಅದು ಹೋಗುವುದಿಲ್ಲ" ಎಂದರು. ಆ ಅರ್ಧ ಕೆ.ಜಿ.ಯನ್ನು ಪೂರ್ತಿ ಬಿಟ್ಟರು. ಮೇಲೆ ಉದುರಿಸಲು ಸ್ವಲ್ಪ ಕಡಿಮೆಯಾಯಿತು, ಅಷ್ಟೇ. ಐವತ್ತು ಜನರ ಊಟ ಉಳಿಯಿತು.

ಎಣ್ಣೆಯನ್ನು ಮಾತ್ರ ಅವರು ಚೆಲ್ಲಲಿಲ್ಲ. ಮೂರನೇ ಸರದಿ ಮುಗಿದಾಗಲೇ ಒಂದು ಪಾತ್ರೆಯಷ್ಟು ತೆಗೆದು ಬಟ್ಟೆಯಲ್ಲಿ ಸೋಸಿ ಇಟ್ಟಿದ್ದರು. ನೀರುಳ್ಳಿಯ ಪರಿಮಳವೆಲ್ಲ ಅದರಲ್ಲಿ ಇಳಿದಿರುತ್ತದೆ. ಮಸಾಲೆ ಬಾಡಿಸಲು, ಅನ್ನದ ಮೇಲೆ ಚಿಮುಕಿಸಲು ಅದೇ ಎಣ್ಣೆ. ಸೋಸದಿದ್ದರೆ ತಳದ ಕರಟಿದ ಚೂರುಗಳು ಮತ್ತೆ ಕಹಿ ತರುತ್ತವೆ.

ನಮ್ಮ ಕುಕ್ಕುಂದೂರಿನಲ್ಲಿ ಇದನ್ನು ಮಾಡುವವರು ಎರಡು ವಿಷಯ ಗಮನಿಸಬೇಕು. ಒಂದು, ನೀರುಳ್ಳಿ ಯಾವುದು ಎನ್ನುವುದು. ಮಳೆಗಾಲ ಮುಗಿಯುವ ಹೊತ್ತಿಗೆ ಘಟ್ಟದ ಮೇಲಿನ ಚಿತ್ರದುರ್ಗ, ಗದಗ ಕಡೆಯ ಹೊಸ ಬೆಳೆ ಪೇಟೆಗೆ ಬರುತ್ತದೆ. ಸಿಪ್ಪೆ ತೆಳು, ಮೈ ಒದ್ದೆ. ಅದಕ್ಕೆ ಮೂರು ನಾಲ್ಕು ನಿಮಿಷ ಹೆಚ್ಚು ಬೇಕು. ಬೇಸಿಗೆಯಲ್ಲಿ ಕಿತ್ತು ಒಣಗಿಸಿಟ್ಟ ಹಳೆಯ ನೀರುಳ್ಳಿ ಸಿಕ್ಕಿದರೆ ಬಿರಿಸ್ತಾಕ್ಕೆ ಅದೇ ಒಳ್ಳೆಯದು. ಎರಡನ್ನೂ ಒಂದೇ ಬಾಣಲೆಗೆ ಹಾಕಬಾರದು. ಇನ್ನೊಂದು, ಇಲ್ಲಿನ ಮಳೆಗಾಲದ ಗಾಳಿ. ಜುಲೈಯಲ್ಲಿ ತೆರೆದಿಟ್ಟ ಬಿರಿಸ್ತಾ ಒಂದೇ ಗಂಟೆಯಲ್ಲಿ ಗಾಳಿಯ ತೇವ ಹೀರಿ ಚರ್ಮದಂತಾಗುತ್ತದೆ. ಪೂರ್ತಿ ತಣಿದ ಕೂಡಲೇ ಬಿಗಿ ಮುಚ್ಚಳದ ಡಬ್ಬಿಗೆ ಹಾಕಬೇಕು. ಬಿಸಿಯಿರುವಾಗಲೇ ಮುಚ್ಚಿದರೆ ಅದರದ್ದೇ ಹಬೆಗೆ ಮೆತ್ತಗಾಗುತ್ತದೆ. ಹೀಗೆ ಮೆತ್ತಗಾದದ್ದು ಕೆಟ್ಟಿಲ್ಲ, ಕಹಿಯೂ ಅಲ್ಲ. ಮೇಲೆ ಉದುರಿಸಲು ಬಾರದಿದ್ದರೂ ಮಸಾಲೆಗೆ ಧಾರಾಳವಾಗಿ ಹಾಕಬಹುದು. ಗರಿ ಹೋದದ್ದಕ್ಕೆ ಹೀಗೊಂದು ಉಪಾಯವಿದೆ, ಕರಟಿದ್ದಕ್ಕೆ ಇಲ್ಲ.