ಸ್ಲೈಸ್ ಹೊಡೆದ ಚೆಂಡು ಯಾಕೆ ಮೇಲೇಳಲ್ಲ?

ಟೆನಿಸ್ ಆಡುವ ಯಾರನ್ನಾದರೂ "ಸ್ಲೈಸ್ ಬ್ಯಾಕ್‌ಹ್ಯಾಂಡ್ ಪುಟಿದ ಮೇಲೆ ಯಾಕೆ ಅಷ್ಟು ಕೆಳಗೇ ಉಳಿಯುತ್ತೆ?" ಅಂತ ಕೇಳಿ ನೋಡಿ. ಹೆಚ್ಚಿನವರು "ಬ್ಯಾಕ್‌ಸ್ಪಿನ್ ಇರುತ್ತಲ್ಲ, ಅದಕ್ಕೇ" ಅಂತಾರೆ. ಉತ್ತರ ತಪ್ಪಲ್ಲ, ಆದರೆ ಅರ್ಧ ಮಾತ್ರ. ಸಿಕ್ಕಾಪಟ್ಟೆ ಬ್ಯಾಕ್‌ಸ್ಪಿನ್ ಇರುವ ಚೆಂಡು ಎದುರಾಳಿಯ ಎದೆಮಟ್ಟಕ್ಕೆ ಎದ್ದು, "ಬಾ, ಹೊಡಿ" ಅಂತ ಕಾಯುತ್ತಾ ನಿಲ್ಲುವುದನ್ನು ನಮ್ಮ ಕಾಲೇಜು ಕೋರ್ಟಿನಲ್ಲಿ ದಿನಾ ನೋಡಬಹುದು. ಹಾಗಾದರೆ ಉಳಿದ ಅರ್ಧ ಉತ್ತರ ಯಾವುದು?

ನಮಗೆ ಇದು ಬರೀ ಫಿಸಿಕ್ಸ್ ಪ್ರಶ್ನೆ ಆಗಿರಲಿಲ್ಲ. ನಮ್ಮದು ನಾಲ್ಕು ಜನರ ಟೀಮು, ಬದಲಿ ಆಟಗಾರ ಅಂತ ಯಾರೂ ಇಲ್ಲ. ನಾಲ್ವರದೂ ಎರಡು ಕೈಯ ಬ್ಯಾಕ್‌ಹ್ಯಾಂಡ್. ಕಳೆದ ಸೆಮಿಸ್ಟರ್‌ನಲ್ಲಿ ನಮ್ಮಲ್ಲೊಬ್ಬನ ಎಡ ಮಣಿಕಟ್ಟು ಊದಿಕೊಂಡಿತು. ಡಾಕ್ಟರು ಆರು ವಾರ ಅದರ ಮೇಲೆ ಭಾರ ಬೀಳಬಾರದು ಅಂದರು. ಅಂತರ ಕಾಲೇಜು ಪಂದ್ಯಕ್ಕೆ ಉಳಿದಿದ್ದು ಐದು ವಾರ. ಎಡಗೈಗೆ ಕೆಲಸ ಕೊಡದ ಬ್ಯಾಕ್‌ಹ್ಯಾಂಡ್ ಒಂದು ಬೇಕಿತ್ತು, ಅದೂ ಐದು ವಾರದಲ್ಲಿ ಕೈಗೆ ಬರುವಂಥದ್ದು. ಆಶ್ಲೀ ಬಾರ್ಟಿ ಎರಡು ಕೈಯಲ್ಲಿ ಟಾಪ್‌ಸ್ಪಿನ್ ಹೊಡೆಯುತ್ತಿದ್ದರೂ ಸ್ಲೈಸ್ ಮಾತ್ರ ಒಂದೇ ಕೈಯಲ್ಲಿ ಹೊಡೆಯುತ್ತಿದ್ದರು. 2021ರಲ್ಲಿ ವಿಂಬಲ್ಡನ್ ಗೆದ್ದ ಆಟದಲ್ಲಿ ಆ ಹೊಡೆತದ ಪಾಲು ದೊಡ್ಡದು. ಸರಿ, ನಾಲ್ವರೂ ಸ್ಲೈಸ್ ಕಲಿಯಲು ನಿಂತೆವು.

ಮೊದಲು ಹಿಡಿತ. ಇಲ್ಲಿ ಹೇಳುವುದೆಲ್ಲ ಬಲಗೈ ಆಟಗಾರರ ಲೆಕ್ಕ. ರ್ಯಾಕೆಟ್ಟಿನ ಹಿಡಿಗೆ ಎಂಟು ಮುಖ ಇರುತ್ತವೆ. ರ್ಯಾಕೆಟ್ಟಿನ ಅಂಚು ನೆಲದ ಕಡೆ ಇರುವ ಹಾಗೆ ಹಿಡಿದರೆ ಮೇಲೆ ಕಾಣುವ ಚಪ್ಪಟೆ ಮುಖ ಒಂದು, ಅದರ ಬಲಕ್ಕಿರುವ ಓರೆ ಮುಖ ಎರಡು. ತೋರುಬೆರಳಿನ ಬುಡದ ಗೆಣ್ಣು ಈ ಎರಡನೇ ಮುಖದ ಮೇಲೆ ಕೂರಬೇಕು. ಇದನ್ನೇ ಕಾಂಟಿನೆಂಟಲ್ ಗ್ರಿಪ್ ಅನ್ನೋದು. ಅರ್ಥ ಆಗದಿದ್ದರೆ ಗೋಡೆಗೆ ಮೊಳೆ ಹೊಡೆಯಲು ಸುತ್ತಿಗೆ ಹಿಡಿಯಿರಿ, ಹಿಡಿತ ಹೆಚ್ಚುಕಮ್ಮಿ ಅದೇ. ಹೀಗೆ ಹಿಡಿದರೆ ಬ್ಯಾಕ್‌ಹ್ಯಾಂಡ್ ಕಡೆ ರ್ಯಾಕೆಟ್ಟಿನ ಮುಖ ತಾನಾಗಿಯೇ ಸ್ವಲ್ಪ ಆಕಾಶದ ಕಡೆ ತೆರೆದುಕೊಳ್ಳುತ್ತೆ. ಅದಕ್ಕೋಸ್ಕರ ಮಣಿಕಟ್ಟು ತಿರುಚಬೇಕಾಗಿಲ್ಲ. ಫೋರ್‌ಹ್ಯಾಂಡ್ ಗ್ರಿಪ್ಪಿನಲ್ಲೇ ಸ್ಲೈಸ್ ಮಾಡಲು ಹೋದರೆ ಮೊಣಕೈ ಮುಂದಕ್ಕೆ ಚಾಚಿಕೊಳ್ಳುತ್ತೆ, ಚೆಂಡು ಎಲ್ಲಿಗೆ ಹೋಗುತ್ತೋ ದೇವರಿಗೇ ಗೊತ್ತು.

ಆಮೇಲೆ ಬೀಸು. ಭುಜ ಪೂರ್ತಿ ತಿರುಗಿ ಬೆನ್ನು ಸ್ವಲ್ಪ ನೆಟ್ಟಿಗೆ ಕಾಣಬೇಕು. ಎಡಗೈ ರ್ಯಾಕೆಟ್ಟಿನ ಕುತ್ತಿಗೆಯನ್ನು ಹಗುರವಾಗಿ ಆತುಕೊಂಡು ಭುಜದ ಮಟ್ಟಕ್ಕೆ ತರಬೇಕು, ಅಲ್ಲಿಗೆ ಅದರ ಕೆಲಸ ಮುಗೀತು. ರ್ಯಾಕೆಟ್ಟಿನ ತಲೆ ಮಣಿಕಟ್ಟಿಗಿಂತ ಮೇಲಿರಲಿ. ಅಲ್ಲಿಂದ ಮೇಲಿನಿಂದ ಕೆಳಕ್ಕೆ ಬೀಸಿ, ಚೆಂಡನ್ನು ಬಲಪಾದಕ್ಕಿಂತ ಸ್ವಲ್ಪ ಮುಂದೆ ಮುಟ್ಟಬೇಕು.

ಈ "ಮೇಲಿನಿಂದ ಕೆಳಕ್ಕೆ" ಅನ್ನೋ ಮಾತೇ ಎಲ್ಲರನ್ನೂ ದಾರಿ ತಪ್ಪಿಸುತ್ತೆ. ನಮ್ಮ ಮಾರ್ಕರ್ ಅಣ್ಣ ಹೊಸಬರನ್ನು ನೋಡಿ "ಏನ್ರಪ್ಪ, ಸೌದೆ ಒಡೀತಿದ್ದೀರಾ?" ಅಂತ ಕೇಳ್ತಾರೆ. ರ್ಯಾಕೆಟ್ ಇಳಿಯಬೇಕು ನಿಜ, ಆದರೆ ಇಳಿಯುವುದಕ್ಕಿಂತ ಹೆಚ್ಚು ಮುಂದೆ ಹೋಗಬೇಕು. ವಿಮಾನ ರನ್‌ವೇಗೆ ಇಳಿಯುವ ದಾರಿಯನ್ನು ಇನ್ನೊಂಚೂರು ಓರೆ ಮಾಡಿದ ಹಾಗೆ ಅಂದುಕೊಳ್ಳಿ. ಚೆಂಡು ಮುಟ್ಟಿದ ಮೇಲೂ ರ್ಯಾಕೆಟ್ ಗುರಿಯ ಕಡೆಗೇ ಸಾಗಬೇಕು. ಅದೇ ಹೊತ್ತಿಗೆ ಎಡಗೈ ಹಿಂದಕ್ಕೆ ಹೋದರೆ ಎದೆ ಬೇಗ ನೆಟ್ಟಿನ ಕಡೆ ತಿರುಗಲ್ಲ. ನೇರ ಕೆಳಕ್ಕೆ ಕಡಿದರೆ ಸ್ಪಿನ್ ಬರುತ್ತೆ, ವೇಗ ಬರಲ್ಲ. ಅಂಥ ಚೆಂಡನ್ನು ನೆಟ್ ದಾಟಿಸಲು ಮುಖವನ್ನು ಇನ್ನಷ್ಟು ತೆರೆಯಬೇಕಾಗುತ್ತೆ, ಚೆಂಡು ಗಾಳಿಪಟ ಆಗುತ್ತೆ.

ಈಗ ಉಳಿದ ಅರ್ಧ ಉತ್ತರಕ್ಕೆ ಬರೋಣ. ಚೆಂಡು ಎಷ್ಟು ಎತ್ತರಕ್ಕೆ ಪುಟಿಯುತ್ತೆ ಅನ್ನೋದನ್ನು ಮುಖ್ಯವಾಗಿ ನಿರ್ಧರಿಸುವುದು ಅದು ನೆಲಕ್ಕೆ ಬಡಿದಾಗ ಕೆಳಮುಖವಾಗಿ ಎಷ್ಟು ವೇಗ ಇತ್ತು ಅನ್ನೋದು. ಗಟ್ಟಿ ಕೋರ್ಟಿನಲ್ಲಿ ಆ ವೇಗದ ಸುಮಾರು ಮುಕ್ಕಾಲು ಪಾಲು ಮೇಲ್ಮುಖವಾಗಿ ವಾಪಸ್ ಬರುತ್ತೆ ಅಂತ ಇಟ್ಟುಕೊಳ್ಳಿ. ಎತ್ತರಕ್ಕೆ ನಮ್ಮ ಪಿಯುಸಿ ಸೂತ್ರವೇ ಸಾಕು: h = v²/2g.

ಮೂರು ಚೆಂಡು ತಗೊಳ್ಳೋಣ. ಟಾಪ್‌ಸ್ಪಿನ್ ಚೆಂಡು ನೆಟ್ಟಿನ ಮೇಲೆ ಎತ್ತರದಲ್ಲಿ ಹೋಗಿ ಧುಮುಕುತ್ತೆ. ಕೆಳಮುಖ ವೇಗ ಸೆಕೆಂಡಿಗೆ 8 ಮೀಟರ್ ಅಂದರೆ ಪುಟಿಯುವಾಗ 6, ಎತ್ತರ ಸುಮಾರು 1.8 ಮೀಟರ್. ತಲೆಯ ಮಟ್ಟ! ನೆಟ್ಟಿಗೆ ಹತ್ತಿರದಲ್ಲಿ ಹಾದುಹೋಗುವ ಒಳ್ಳೆ ಸ್ಲೈಸಿನದು 4 ಮೀಟರ್ ಅಂದರೆ ಪುಟಿಯುವಾಗ 3, ಎತ್ತರ ಅರ್ಧ ಮೀಟರಿಗೂ ಕಮ್ಮಿ. ಮೊಣಕಾಲಿನ ಮಟ್ಟ. ಇನ್ನು ಸೌದೆ ಒಡೆದ ಸ್ಲೈಸು ಮೇಲೆ ತೇಲಿ 7 ಮೀಟರ್ ವೇಗದಲ್ಲಿ ಬಿದ್ದರೆ ಎತ್ತರ 1.4 ಮೀಟರ್, ಬ್ಯಾಕ್‌ಸ್ಪಿನ್ ಎಷ್ಟಿದ್ದರೂ ಅಷ್ಟೇ.

ಹಾಗಾದರೆ ಬ್ಯಾಕ್‌ಸ್ಪಿನ್ನಿಗೆ ಏನು ಕೆಲಸ? ಅದರ ಕೆಲಸ ನೆಲದಲ್ಲಿ ಅಲ್ಲ, ಗಾಳಿಯಲ್ಲಿ. ಹಿಂದಕ್ಕೆ ಸುತ್ತುವ ಚೆಂಡು ಗಾಳಿಯನ್ನು ಕೆಳಕ್ಕೆ ತಳ್ಳುತ್ತೆ, ಗಾಳಿ ಚೆಂಡನ್ನು ಮೇಲಕ್ಕೆ ಎತ್ತಿ ಹಿಡಿಯುತ್ತೆ. ಮ್ಯಾಗ್ನಸ್ ಎಫೆಕ್ಟ್ ಅಂದರೆ ಇದೇ. ಹಾಗಾಗಿ ಚೆಂಡನ್ನು ಮೇಲಕ್ಕೆತ್ತಿ ಹೊಡೆಯದೆಯೇ ಬೇಸ್‌ಲೈನ್‌ವರೆಗೆ ಕಳಿಸಬಹುದು, ಅದು ನಿಧಾನಕ್ಕೆ ಇಳಿದು ನೆಲವನ್ನು ಚಪ್ಪಟೆ ಕೋನದಲ್ಲಿ ಮುಟ್ಟುತ್ತೆ. ಮೆಲ್ಲಗೆ ಬಡಿಯುವುದರಿಂದ ನೆಲದ ಘರ್ಷಣೆಗೂ ಹಿಡಿತ ಕಮ್ಮಿ ಸಿಗುತ್ತೆ, ಚೆಂಡು ಮುಂದಕ್ಕೆ ಜಾರಿಕೊಂಡು ಹೋಗುತ್ತೆ. ದಪ್ಪ ಕೋನದಲ್ಲಿ ಬಿದ್ದರೆ ಅದೇ ಘರ್ಷಣೆ ಬ್ರೇಕ್ ಹಾಕಿ ಚೆಂಡನ್ನು ನಿಲ್ಲಿಸುತ್ತೆ. ಹುಲ್ಲಿನ ಮೇಲೆ ಸ್ಲೈಸು ಇನ್ನೂ ಕೆಳಗೆ ಜಾರುತ್ತೆ, ಕೆಂಪು ಮಣ್ಣಿನ ಕೋರ್ಟಿನಲ್ಲಿ ಸ್ವಲ್ಪ ಮೇಲೇಳುತ್ತೆ.

ಇದು ಗೊತ್ತಾದ ಮೇಲೆ ಪ್ರಾಕ್ಟೀಸ್ ಬದಲಾಯಿತು. ನೆಟ್ಟಿನ ನಡುಭಾಗ 0.914 ಮೀಟರ್ ಎತ್ತರ. ಅದರ ಮೇಲೆ ಒಂದು ರ್ಯಾಕೆಟ್ ಉದ್ದ ಬಿಟ್ಟು ಹಗ್ಗ ಕಟ್ಟಿದೆವು. ನೆಟ್ಟಿಗೂ ಹಗ್ಗಕ್ಕೂ ನಡುವೆ ತೂರಿ, ಸರ್ವಿಸ್ ಲೈನ್ ದಾಟಿ ಬಿದ್ದ ಚೆಂಡು ಮಾತ್ರ ಲೆಕ್ಕ. ಹೊಡೆತ ಸರಿಯಿದೆಯಾ ಅಂತ ನೋಡಲು ಸ್ಪಿನ್ ನೋಡುತ್ತಿರಲಿಲ್ಲ, ಆಚೆ ಕಡೆಯವನ ಮೊಣಕಾಲು ನೋಡುತ್ತಿದ್ದೆವು. ಅವನು ಬಗ್ಗಿದರೆ ಪಾಸ್. ನೆಟ್ಟಿಗೆ ಸಿಕ್ಕರೆ ಮುಖ ಸಾಕಷ್ಟು ತೆರೆದಿಲ್ಲ ಅಥವಾ ಚೆಂಡು ತಡವಾಗಿ ಸಿಕ್ಕಿದೆ, ಹಗ್ಗದ ಮೇಲೆ ಹೋದರೆ ಬೀಸು ಮುಂದೆ ಹೋಗಿಲ್ಲ.

ಐದನೇ ವಾರ ನಮ್ಮ ಹುಡುಗ ಡಬಲ್ಸ್ ಆಡಿದ. ಎದುರಿಗಿದ್ದವನದು ವೆಸ್ಟರ್ನ್ ಗ್ರಿಪ್ ಫೋರ್‌ಹ್ಯಾಂಡ್. ಆ ಗ್ರಿಪ್ಪಿನವರಿಗೆ ಭುಜದ ಮಟ್ಟದ ಚೆಂಡು ಹಬ್ಬ, ಮೊಣಕಾಲಿನ ಮಟ್ಟದ್ದು ಕಷ್ಟ. ಅವನು ಎತ್ತಿ ಕೊಟ್ಟ ಚೆಂಡುಗಳನ್ನು ನೆಟ್ಟಿನ ಹತ್ತಿರ ನಿಂತಿದ್ದ ಜೊತೆಗಾರ ಮುಗಿಸಿದ. ಮೊದಲ ಪಂದ್ಯ ನಮ್ಮದಾಯಿತು. ಎರಡನೇ ಪಂದ್ಯದ ಜೋಡಿ ಪ್ರತಿ ರಿಟರ್ನಿಗೂ ನೆಟ್ಟಿಗೆ ನುಗ್ಗಿ, ಬೌನ್ಸ್ ಆಗಲು ಬಿಡದೆ ವಾಲಿ ಹೊಡೆಯಿತು, ನಾವು ಸೋತೆವು. ಸ್ಲೈಸಿನ ಮಿತಿಯೂ ಅಷ್ಟೇ: ಕೆಳಗೆ ಉಳಿಯಬೇಕಾದರೆ ಅದು ಮೊದಲು ನೆಲ ಮುಟ್ಟಬೇಕು.